ಗುರಿಯೊಂದು, ಪೆಟ್ಟು ಇನ್ನೊಂದಕ್ಕೆ

ಸಿ. ಎಲೆಗನ್ಸ್ ಎಂಬ ದುಂಡುಹುಳದ ಉದ್ದ ಸುಮಾರು ಒಂದು ಮಿಲಿಮೀಟರ್. ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ ಈ ಹುಳ ಗಾಜಿನಂತೆ ಪಾರದರ್ಶಕ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರ ಮೊಟ್ಟೆ ಒಂದರಿಂದ ಎರಡಾಗಿ, ಎರಡರಿಂದ ನಾಲ್ಕಾಗಿ ಒಡೆಯುವುದನ್ನು ಕಣ್ಣಾರೆ ಕಾಣಬಹುದು. 1995ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸು ಗುವೊ ಮತ್ತು ಕೆನೆತ್ ಕೆಂಫ್ಯೂಸ್ ಇದೇ ಹುಳದ ಪಾರ್-1 ಎಂಬ ವಂಶವಾಹಿಯ ಬೆನ್ನುಬಿದ್ದಿದ್ದರು. ಮೊಟ್ಟೆ ಮೊದಲ ಸಲ ಒಡೆಯುವಾಗ ಒಂದು ಭಾಗ ದೊಡ್ಡದು, ಇನ್ನೊಂದು ಚಿಕ್ಕದು ಆಗಬೇಕು. ಪಾರ್-1 ಕೆಟ್ಟರೆ ಈ ವ್ಯತ್ಯಾಸ ಹೋಗಿ ಭ್ರೂಣ ಸಾಯುತ್ತದೆ.

ತಾವು ಹಿಡಿದ ವಂಶವಾಹಿ ಅದೇ ಎಂದು ಖಚಿತಪಡಿಸಿಕೊಳ್ಳಲು ಅವರು ಅದರ ಬಾಯಿ ಕಟ್ಟಿ ನೋಡಬೇಕಿತ್ತು. ವಂಶವಾಹಿಯಲ್ಲಿರುವ ಮಾಹಿತಿ ಮೊದಲು ಸಂದೇಶವಾಹಕ ಆರ್‌ಎನ್‌ಎ ಎಂಬ ಒಂಟಿ ಎಳೆಯಾಗಿ ಹೊರಬರುತ್ತದೆ. ಆ ಎಳೆಯನ್ನು ಓದಿಕೊಂಡು ಜೀವಕೋಶ ಪ್ರೊಟೀನ್ ಕಟ್ಟುತ್ತದೆ. ಸಂದೇಶದ ಪ್ರತಿ ಅಕ್ಷರಕ್ಕೂ ಜೋಡಿಯಾಗುವ ವಿರುದ್ಧ ಎಳೆಯೊಂದನ್ನು ಮಾಡಿ ಒಳಗೆ ಬಿಟ್ಟರೆ ಅದು ಸಂದೇಶಕ್ಕೆ ಅಂಟಿಕೊಂಡು ಓದಲು ಬಿಡುವುದಿಲ್ಲ ಎಂಬುದು ಆಗ ಎಲ್ಲರೂ ನಂಬಿದ್ದ ಮಾತು. ಅವರು ಹಾಗೆಯೇ ಮಾಡಿದರು. ಭ್ರೂಣಗಳು ಸತ್ತವು. ಲೆಕ್ಕ ಸರಿಹೋಯಿತು.

ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಹೋಲಿಸಿ ನೋಡಲೆಂದು ಬೇರೆ ಹುಳಗಳಿಗೆ ಸಂದೇಶದ್ದೇ ನಕಲಾದ ಎಳೆಯನ್ನು ಚುಚ್ಚಿದರು. ನಕಲು ಮೂಲಕ್ಕೆ ಅಂಟುವುದಿಲ್ಲ, ಹಾಗಾಗಿ ಆ ಹುಳಗಳ ಮೊಟ್ಟೆಗಳಿಗೆ ಏನೂ ಆಗಬಾರದು. ಆದರೆ ಅವೂ ಅದೇ ರೀತಿ ಸತ್ತವು! ಪ್ರಯೋಗಾಲಯದಲ್ಲಿ ಇಂಥ ಹೋಲಿಕೆಯ ಗುಂಪನ್ನು ಕಂಟ್ರೋಲ್ ಎನ್ನುತ್ತಾರೆ. ಕಂಟ್ರೋಲ್ ಹೀಗೆ ಕೈಕೊಟ್ಟಾಗ ಅದನ್ನು ಮುಚ್ಚಿಟ್ಟು ಮುಂದೆ ಹೋಗುವ ಆಸೆ ಯಾರಿಗಾದರೂ ಬಂದೀತು. ಗುವೊ ಮತ್ತು ಕೆಂಫ್ಯೂಸ್ ಅದನ್ನು ತಮ್ಮ ಪ್ರಬಂಧದಲ್ಲಿ ಇದ್ದದ್ದು ಇದ್ದಂತೆ ಬರೆದರು.

ಆ ಒಗಟನ್ನು ಬಿಡಿಸಿದವರು ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ಮತ್ತು ಅವರ ಸಹೋದ್ಯೋಗಿಗಳು, 1998ರಲ್ಲಿ. ಪ್ರಯೋಗಾಲಯದಲ್ಲಿ ಆರ್‌ಎನ್‌ಎ ತಯಾರಿಸುವಾಗ ಎರಡೂ ಬಗೆಯ ಎಳೆಗಳು ಸ್ವಲ್ಪ ಸ್ವಲ್ಪ ಬೆರೆತು ಜೋಡಿ ಎಳೆಯ ಆರ್‌ಎನ್‌ಎ ಉಂಟಾಗುತ್ತದೆ. ಕೆಲಸ ಮಾಡುತ್ತಿರುವುದು ಆ ಕಲಬೆರಕೆಯೇ ಇರಬಹುದೆಂದು ಅವರು ಶಂಕಿಸಿದರು. ಎಳೆಗಳನ್ನು ಚೆನ್ನಾಗಿ ಶುದ್ಧಮಾಡಿ ಬೇರೆಬೇರೆಯಾಗಿ ಚುಚ್ಚಿದಾಗ ಪರಿಣಾಮ ತೀರ ಅಲ್ಪ. ಎರಡನ್ನೂ ಕೂಡಿಸಿ ಜೋಡಿ ಎಳೆಯಾಗಿಸಿ ಚುಚ್ಚಿದಾಗ, ಜೀವಕೋಶಕ್ಕೆ ಕೆಲವೇ ಅಣುಗಳು ಸಿಕ್ಕಿದರೂ ವಂಶವಾಹಿ ಮೌನವಾಯಿತು. ಅವರು ಆರಿಸಿಕೊಂಡಿದ್ದು ಸ್ನಾಯುವಿನ ಪ್ರೊಟೀನ್ ಒಂದರ ವಂಶವಾಹಿ. ಅದು ಮೌನವಾದ ಹುಳ ನಿಂತಲ್ಲೇ ಅದುರುತ್ತದೆ, ಆದ್ದರಿಂದ ಫಲಿತಾಂಶಕ್ಕೆ ಯಂತ್ರ ಬೇಕಿಲ್ಲ, ಕಣ್ಣೇ ಸಾಕು. 2006ರಲ್ಲಿ ಇಬ್ಬರಿಗೂ ವೈದ್ಯಕೀಯ ನೊಬೆಲ್ ಬಂತು.

ಹುಳದಲ್ಲಿ ಗೆದ್ದ ಉಪಾಯ ಮನುಷ್ಯನ ಜೀವಕೋಶದಲ್ಲಿ ಸುಲಭಕ್ಕೆ ನಡೆಯಲಿಲ್ಲ. ಸುಮಾರು 30 ಅಕ್ಷರಗಳಿಗಿಂತ ಉದ್ದದ ಜೋಡಿ ಎಳೆ ಕಂಡರೆ ನಮ್ಮ ಜೀವಕೋಶ ವೈರಸ್ ನುಗ್ಗಿತೆಂದು ಗಾಬರಿಯಾಗಿ ಪ್ರೊಟೀನ್ ಉತ್ಪಾದನೆಯನ್ನೇ ನಿಲ್ಲಿಸಿಬಿಡುತ್ತದೆ. 2001ರಲ್ಲಿ ಜರ್ಮನಿಯ ಗಾಟಿಂಗನ್‌ನಲ್ಲಿ ಥಾಮಸ್ ಟುಶೆಲ್ ಅವರ ತಂಡ ಕೇವಲ 21 ಅಕ್ಷರಗಳ ತುಂಡನ್ನು ಬಳಸಿ ಈ ಕಾವಲನ್ನು ದಾಟಿತು. ಎರಡು ಎಳೆಗಳಲ್ಲಿ 19 ಅಕ್ಷರಗಳು ಜೋಡಿಯಾಗಿ, ಎರಡೂ ತುದಿಗಳಲ್ಲಿ ಎರಡೆರಡು ಅಕ್ಷರ ಹೊರಚಾಚಿರುವ ಈ ತುಂಡಿಗೆ ಎಸ್‌ಐ-ಆರ್‌ಎನ್‌ಎ ಎಂದು ಹೆಸರು. ಇಂದು ಯಾವ ವಂಶವಾಹಿಯ ಅಕ್ಷರಮಾಲೆ ಗೊತ್ತಿದ್ದರೂ ಅದಕ್ಕೆ ಹೊಂದುವ ಎಸ್‌ಐ-ಆರ್‌ಎನ್‌ಎಯನ್ನು ಕಂಪನಿಗಳಿಂದ ತರಿಸಿಕೊಳ್ಳಬಹುದು.

ಒಳಗೆ ಹೋದ ಮೇಲೆ ಅದು ಮಾಡುವ ಕೆಲಸ ಹೀಗಿದೆ. ಆರ್ಗೊನಾಟ್-2 ಎಂಬ ಪ್ರೊಟೀನ್ ಈ ಜೋಡಿಯನ್ನು ಹಿಡಿದುಕೊಂಡು ಒಂದು ಎಳೆಯನ್ನು ಕತ್ತರಿಸಿ ಎಸೆಯುತ್ತದೆ. ಉಳಿದ ಎಳೆಯೇ ಅದಕ್ಕೆ ದಾರಿ ತೋರಿಸುವ ಮಾರ್ಗದರ್ಶಿ. ಆ ಎಳೆಗೆ ಪೂರ್ತಿ ಹೊಂದುವ ಸಂದೇಶ ಸಿಕ್ಕಿದೊಡನೆ, ಮಾರ್ಗದರ್ಶಿಯ 10 ಮತ್ತು 11ನೆಯ ಅಕ್ಷರಗಳಿಗೆ ಎದುರಾಗಿರುವ ಜಾಗದಲ್ಲಿ ಆರ್ಗೊನಾಟ್ ಸಂದೇಶವನ್ನು ತುಂಡರಿಸುತ್ತದೆ. ತುಂಡಾದ ಸಂದೇಶ ಕೊಳೆತು ಹೋಗುತ್ತದೆ. ಮಾರ್ಗದರ್ಶಿ ಮಾತ್ರ ಹಾಗೇ ಉಳಿದು ಮುಂದಿನ ಸಂದೇಶಕ್ಕಾಗಿ ಕಾಯುತ್ತದೆ. ವಂಶವಾಹಿಗೆ ಏನೂ ಆಗಿರುವುದಿಲ್ಲ. ಅದು ಸಂದೇಶ ಕಳಿಸುತ್ತಲೇ ಇರುತ್ತದೆ, ಬಹುಪಾಲು ದಾರಿಯಲ್ಲೇ ನಾಶವಾಗುತ್ತವೆ. ಪೂರ್ತಿ ಅಳಿಸುವ ಬದಲು ಪ್ರಮಾಣವನ್ನು ಕೆಳಗಿಳಿಸುವುದರಿಂದ ಇದನ್ನು ನಾಕ್‌ಡೌನ್ ಎನ್ನುತ್ತಾರೆ.

21 ಅಕ್ಷರಗಳು ಸಾಲಾಗಿ ಹೊಂದಬೇಕಾದರೆ ತಪ್ಪು ಗುರಿಗೆ ಬೀಳುವ ಸಾಧ್ಯತೆ ಎಲ್ಲಿ ಎಂದು ಮೊದಲು ಎಲ್ಲರೂ ಧೈರ್ಯವಾಗಿದ್ದರು. ಆ ಧೈರ್ಯ ಎರಡು ವರ್ಷವೂ ಬಾಳಲಿಲ್ಲ. 2003ರಲ್ಲಿ ಐಮೀ ಜ್ಯಾಕ್ಸನ್ ಮತ್ತು ಸಂಗಡಿಗರು ಒಂದೇ ವಂಶವಾಹಿಯ ಬೇರೆಬೇರೆ ಜಾಗಗಳಿಗೆ ಹೊಂದುವ ಹಲವು ಎಸ್‌ಐ-ಆರ್‌ಎನ್‌ಎಗಳನ್ನು ಒಂದೊಂದಾಗಿ ಜೀವಕೋಶಗಳಿಗೆ ಕೊಟ್ಟು, ಉಳಿದ ಸಾವಿರಾರು ವಂಶವಾಹಿಗಳ ಸಂದೇಶ ಎಷ್ಟೆಷ್ಟು ಏರಿಳಿಯಿತು ಎಂದು ಅಳೆದರು. ಗುರಿ ಒಂದೇ ಆದ್ದರಿಂದ ಏರಿಳಿತದ ಚಿತ್ರವೂ ಒಂದೇ ಇರಬೇಕಿತ್ತು. ಗುರಿಯೇನೋ ಎಲ್ಲದರಲ್ಲೂ ಇಳಿದಿತ್ತು, ಆದರೆ ಉಳಿದ ಚಿತ್ರ ಪ್ರತಿಯೊಂದರಲ್ಲೂ ಬೇರೆ. ಅಂದರೆ ಆ ಏರಿಳಿತಗಳಲ್ಲಿ ಬಹಳಷ್ಟು ಗುರಿಯಾದ ವಂಶವಾಹಿಯಿಂದ ಬಂದದ್ದಲ್ಲ, ಕೊಟ್ಟ ಆರ್‌ಎನ್‌ಎಯಿಂದ ಬಂದದ್ದು. ಸಾಲಾಗಿ 11 ಅಕ್ಷರಗಳಷ್ಟೇ ಹೊಂದುವ ಸಂದೇಶಗಳೂ ಪೆಟ್ಟು ತಿಂದಿದ್ದವು.

ಇದಕ್ಕೆ ಕಾರಣ ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ನಮ್ಮ ಜೀವಕೋಶದಲ್ಲಿ ಮೈಕ್ರೊ ಆರ್‌ಎನ್‌ಎ ಎಂಬ ಸಹಜವಾದ ಕಿರು ಎಳೆಗಳಿವೆ. ಅವೂ ಇದೇ ಆರ್ಗೊನಾಟ್ ಕುಟುಂಬದ ಪ್ರೊಟೀನುಗಳ ಮೂಲಕ ಸಂದೇಶಗಳನ್ನು ತಗ್ಗಿಸುತ್ತವೆ. ಅವಕ್ಕೆ ಪೂರ್ತಿ ಹೊಂದಾಣಿಕೆ ಬೇಡ. ಎಳೆಯ 2ರಿಂದ 8ನೆಯವರೆಗಿನ ಏಳು ಅಕ್ಷರಗಳು ಹೊಂದಿದರೆ ಸಾಕು. ಇದನ್ನು ಸೀಡ್ ಭಾಗ ಎನ್ನುತ್ತಾರೆ. ವಿಳಾಸ ಪೂರ್ತಿ ಓದದೆ ಪಿನ್‌ಕೋಡ್ ನೋಡಿ ಕಾಗದ ಹಾಕಿಹೋಗುವ ಅಂಚೆಯವನಂತೆ ಇದರ ಕೆಲಸ. ನಾವು ಹೊರಗಿನಿಂದ ಕೊಟ್ಟ ಎಸ್‌ಐ-ಆರ್‌ಎನ್‌ಎಯನ್ನೂ ಜೀವಕೋಶ ಹೀಗೆ ಬಳಸಿಕೊಂಡುಬಿಡುತ್ತದೆ.

ಎಷ್ಟು ಕಡೆ ತಪ್ಪು ಆಗಬಹುದೆಂದು ಬೆರಳೆಣಿಕೆಯಲ್ಲೇ ಅಂದಾಜು ಮಾಡಬಹುದು. ಆರ್‌ಎನ್‌ಎಯಲ್ಲಿ ಅಕ್ಷರಗಳು ನಾಲ್ಕು. ಏಳು ಅಕ್ಷರಗಳ ಪದಗಳು ನಾಲ್ಕರ ಏಳನೆಯ ಘಾತದಷ್ಟು, ಅಂದರೆ 16,384. ಸಂದೇಶದ ಬಾಲದಲ್ಲಿ, ಪ್ರೊಟೀನ್ ಆಗಿ ಓದದ ಭಾಗವೊಂದಿದೆ. ಸೀಡ್ ಹೆಚ್ಚಾಗಿ ಹುಡುಕುವುದು ಅಲ್ಲೇ. ಅದು ಸಾವಿರ ಅಕ್ಷರ ಉದ್ದವಿದೆ ಎಂದುಕೊಂಡರೆ ಯಾವುದೇ ಒಂದು ಪದ ಅಲ್ಲಿ ಆಕಸ್ಮಿಕವಾಗಿ ಸಿಗುವ ಸಂಭವ ಸುಮಾರು ನೂರಕ್ಕೆ ಆರು. ಮನುಷ್ಯನಲ್ಲಿ ಪ್ರೊಟೀನ್ ತಯಾರಿಸುವ ವಂಶವಾಹಿಗಳು ಸರಿಸುಮಾರು 20,000. ಅಂದರೆ ಒಂದು ಎಸ್‌ಐ-ಆರ್‌ಎನ್‌ಎಯ ಸೀಡ್‌ಗೆ ಹೊಂದುವ ಜಾಗ 1,200ರಷ್ಟು ವಂಶವಾಹಿಗಳಲ್ಲಿ ಇರಬಹುದು. ಎಲ್ಲವೂ ತಗ್ಗುವುದಿಲ್ಲ, ತಗ್ಗಿದವೂ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗಿಳಿಯುವುದಿಲ್ಲ. ಆದರೆ ಜೀವಕೋಶ ಸಾಯಲು ಅವುಗಳಲ್ಲಿ ಒಂದು ಸರಿಯಾದದ್ದು ಇಳಿದರೆ ಸಾಕು.

ಈಗ ಒಂದು ಪ್ರಯೋಗವನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಒಂದು ವಂಶವಾಹಿ ಇಲ್ಲದಿದ್ದರೆ ಕ್ಯಾನ್ಸರ್ ಜೀವಕೋಶ ಬದುಕಲಾರದು ಎಂದು ಸಂಶೋಧಕಿಗೆ ಅನುಮಾನ. ಆಕೆ ಎಸ್‌ಐ-ಆರ್‌ಎನ್‌ಎಯನ್ನು ಕೊಬ್ಬಿನ ಕಣಗಳಲ್ಲಿ ಸುತ್ತಿ ಜೀವಕೋಶಗಳ ಮೇಲೆ ಹಾಕುತ್ತಾಳೆ. ಮೂರು ದಿನದಲ್ಲಿ ಅರ್ಧದಷ್ಟು ಸತ್ತಿವೆ. ಮೊದಲ ಪ್ರಶ್ನೆ, ಆ ಕೊಬ್ಬೇ ಕೊಂದಿರಬಹುದಲ್ಲ? ಅದು ಜೀವಕೋಶಕ್ಕೆ ಅಷ್ಟಿಷ್ಟು ವಿಷವೇ. ಆದ್ದರಿಂದ ಏನೂ ಹಾಕದ ಜೀವಕೋಶಗಳ ಜೊತೆ ಹೋಲಿಸಿದರೆ ಪ್ರಯೋಜನವಿಲ್ಲ. ಯಾವ ವಂಶವಾಹಿಗೂ ಹೊಂದದಂತೆ ರೂಪಿಸಿದ ಎಸ್‌ಐ-ಆರ್‌ಎನ್‌ಎಯನ್ನು ಅದೇ ಕೊಬ್ಬಿನಲ್ಲಿ, ಅದೇ ಪ್ರಮಾಣದಲ್ಲಿ, ಅದೇ ದಿನ ಹಾಕಿದ ಗುಂಪು ಬೇಕು. ಆರ್‌ಎನ್‌ಎ ಒಳಗೆ ಹೋಗಿದೆ ಎಂಬುದಕ್ಕೂ ಸಾಕ್ಷಿ ಬೇಕು. ಅದಕ್ಕಾಗಿ ಪಿಎಲ್‌ಕೆ-1ರಂಥ, ತಗ್ಗಿಸಿದರೆ ವಿಭಜನೆಯಾಗುವ ಜೀವಕೋಶ ಸಾಯುವುದು ಖಚಿತವಿರುವ ವಂಶವಾಹಿಗೆ ಗುರಿಯಿಟ್ಟ ಮೂರನೆಯ ಗುಂಪನ್ನು ಇಡುತ್ತಾರೆ. ಅದರಲ್ಲೂ ಜೀವಕೋಶಗಳು ಹಾಯಾಗಿದ್ದರೆ ಆ ದಿನದ ಪ್ರಯೋಗವನ್ನೇ ಚೆಲ್ಲಬೇಕು.

ಎರಡನೆಯ ಪ್ರಶ್ನೆ, ಗುರಿ ನಿಜವಾಗಿ ಇಳಿಯಿತೇ? ಸಂದೇಶವನ್ನು ಅಳೆಯಲು ಕ್ಯೂಪಿಸಿಆರ್ ಇದೆ. ಅದು ಪ್ರತಿ ಸುತ್ತಿನಲ್ಲೂ ಅಣುಗಳನ್ನು ದುಪ್ಪಟ್ಟು ಮಾಡುತ್ತ ಹೋಗುತ್ತದೆ. ಕಡಿಮೆ ಇದ್ದರೆ ಗೋಚರಿಸಲು ಹೆಚ್ಚು ಸುತ್ತು ಬೇಕು. ಕಂಟ್ರೋಲ್ ಗುಂಪಿನಲ್ಲಿ 22ನೆಯ ಸುತ್ತಿಗೆ ಕಂಡದ್ದು ಇಲ್ಲಿ 25ಕ್ಕೆ ಕಂಡರೆ ಮೂರು ಸುತ್ತು ತಡ, ಅಂದರೆ ಎಂಟನೆಯ ಒಂದು ಭಾಗ, 12.5 ಶೇಕಡಾ ಉಳಿದಿದೆ. ಎರಡೂ ಗುಂಪಿನಲ್ಲಿ ಬದಲಾಗದ ಇನ್ನೊಂದು ವಂಶವಾಹಿ ಒಂದೇ ಸುತ್ತಿಗೆ ಕಂಡಿದ್ದರೆ ಮಾತ್ರ ಈ ಲೆಕ್ಕ ನಂಬಬಹುದು. ಇಷ್ಟಾದರೂ ಇಳಿದದ್ದು ಸಂದೇಶ. ಮೊದಲೇ ತಯಾರಾಗಿದ್ದ ಪ್ರೊಟೀನ್ ಹಾಗೇ ಇರಬಹುದು, ಕೆಲವು ಪ್ರೊಟೀನುಗಳು ದಿನಗಟ್ಟಲೆ ಬಾಳುತ್ತವೆ. ಆದ್ದರಿಂದ ಸಂದೇಶವನ್ನು ಒಂದೆರಡು ದಿನಕ್ಕೆ ಅಳೆದರೆ ಪ್ರೊಟೀನನ್ನು ಎರಡು ಮೂರು ದಿನ ಬಿಟ್ಟು ಬೇರೆಯಾಗಿ ಅಳೆಯಬೇಕು. ಪ್ರೊಟೀನ್ ಇಳಿಯುವ ಮೊದಲೇ ಜೀವಕೋಶ ಸತ್ತಿದ್ದರೆ ಕೊಂದದ್ದು ಬೇರೆ ಯಾವುದೋ ಎಂದು ಅಲ್ಲೇ ಗೊತ್ತಾಗುತ್ತದೆ.

ಮೂರನೆಯ ಪ್ರಶ್ನೆಯೇ ಕಷ್ಟದ್ದು. ಗುರಿ ಇಳಿದಿದೆ, ಜೀವಕೋಶವೂ ಸತ್ತಿದೆ. ಮೊದಲನೆಯದೇ ಎರಡನೆಯದಕ್ಕೆ ಕಾರಣವೇ? ಯಾವುದಕ್ಕೂ ಹೊಂದದ ಕಂಟ್ರೋಲ್ ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಏಕೆಂದರೆ ಅದರ ಸೀಡ್ ಬೇರೆ, ಅದು ತಪ್ಪಾಗಿ ತಗ್ಗಿಸುವ ವಂಶವಾಹಿಗಳೂ ಬೇರೆ. ಪ್ರಮಾಣವನ್ನು ಇಳಿಸಿದರೆ ತೊಂದರೆ ತಗ್ಗುತ್ತದೆ, ಹೋಗುವುದಿಲ್ಲ. ಕನಿಷ್ಠ ಎರಡು ಮೂರು ಬೇರೆ ಬೇರೆ ಎಸ್‌ಐ-ಆರ್‌ಎನ್‌ಎಗಳಿಂದ ಒಂದೇ ಫಲ ಬರಬೇಕೆಂಬುದು ರೂಢಿಯ ನಿಯಮ. ಹತ್ತು ಪ್ರಯತ್ನಿಸಿ, ಎರಡು ಕೊಂದವೆಂದು ಆ ಎರಡನ್ನಷ್ಟೇ ತೋರಿಸಿದರೆ ಈ ನಿಯಮಕ್ಕೆ ಬೆಲೆಯಿಲ್ಲ. ಉಳಿದ ಎಂಟೂ ಗುರಿಯನ್ನು ಅಷ್ಟೇ ಇಳಿಸಿದ್ದವೇ ಎಂದು ಕೇಳಲೇಬೇಕು.

ನನಗೆ ತುಂಬ ಇಷ್ಟವಾದ ಕಂಟ್ರೋಲ್ ಸಿ-911. ಎಸ್‌ಐ-ಆರ್‌ಎನ್‌ಎಯ 9, 10 ಮತ್ತು 11ನೆಯ ಅಕ್ಷರಗಳನ್ನಷ್ಟೇ ಅವುಗಳ ಜೋಡಿ ಅಕ್ಷರಗಳಿಗೆ ಬದಲಿಸುತ್ತಾರೆ. ಕತ್ತರಿ ಬೀಳುವ ಜಾಗ ಅದೇ ಆದ್ದರಿಂದ ಗುರಿಯ ಸಂದೇಶ ತುಂಡಾಗುವುದಿಲ್ಲ. ಆದರೆ 2ರಿಂದ 8ರವರೆಗಿನ ಸೀಡ್ ಹಾಗೇ ಇದೆ, ತಪ್ಪು ಗುರಿಗಳೂ ಹಾಗೇ ಇವೆ. ಗುರಿ ಇಳಿಯದಿದ್ದರೂ ಜೀವಕೋಶ ಮೊದಲಿನಂತೆಯೇ ಸತ್ತರೆ ಕೊಲೆಗಾರ ಸೀಡ್ ಎಂದು ತೀರ್ಮಾನಿಸಬಹುದು. ಮೂರು ಅಕ್ಷರ ಬದಲಿಸುವ ಖರ್ಚಿನಲ್ಲಿ ಇಷ್ಟು ಖಚಿತ ಉತ್ತರ ಸಿಗುವುದು ಅಪರೂಪ.

ಇದಕ್ಕಿಂತ ಗಟ್ಟಿ ಸಾಕ್ಷಿ ಎಂದರೆ ಕಳೆದುದನ್ನು ಮರಳಿ ಕೊಟ್ಟು ನೋಡುವುದು. ಪ್ರೊಟೀನಿನ ಒಂದೊಂದು ಅಮೈನೊ ಆಮ್ಲಕ್ಕೂ ಮೂರು ಅಕ್ಷರದ ಸಂಕೇತ, ಒಂದೇ ಆಮ್ಲಕ್ಕೆ ಹಲವು ಸಂಕೇತಗಳು. ಹಾಗಾಗಿ ಪ್ರೊಟೀನ್ ಬದಲಾಗದಂತೆ ಸಂದೇಶದ ಅಕ್ಷರಗಳನ್ನು ಬದಲಿಸಬಹುದು. ಕೆಳಗಿನ ಎರಡು ಸಾಲುಗಳು ಓದಲು ಬೇರೆ, ಆದರೆ ಎರಡರಿಂದಲೂ ಬರುವುದು ಲ್ಯೂಸಿನ್, ಸೆರಿನ್, ಆರ್ಜಿನಿನ್ ಎಂಬ ಅದೇ ಮೂರು ಆಮ್ಲಗಳು.

```
CUG AGC CGU
UUA UCU AGA
```

ಎಸ್‌ಐ-ಆರ್‌ಎನ್‌ಎ ಅಂಟುವ ಜಾಗವನ್ನು ಹೀಗೆ ತಿದ್ದಿದ ವಂಶವಾಹಿಯನ್ನು ಜೀವಕೋಶಕ್ಕೆ ಸೇರಿಸುತ್ತಾರೆ. ಈಗ ಎಸ್‌ಐ-ಆರ್‌ಎನ್‌ಎ ಮೂಲ ಸಂದೇಶವನ್ನು ಕತ್ತರಿಸುತ್ತದೆ, ತಿದ್ದಿದ್ದನ್ನು ಮುಟ್ಟುವುದಿಲ್ಲ. ಜೀವಕೋಶ ಬದುಕಿ ಉಳಿದರೆ ಮೊದಲ ಸಾವಿಗೆ ಆ ವಂಶವಾಹಿಯ ಕೊರತೆಯೇ ಕಾರಣ. ಆದರೂ ಸತ್ತರೆ ಅನುಮಾನ ಬೇರೆಡೆಗೆ ತಿರುಗುತ್ತದೆ. ಸೇರಿಸಿದ ವಂಶವಾಹಿ ಪ್ರೊಟೀನನ್ನು ಅತಿಯಾಗಿ ಸುರಿದರೆ ಅದೇ ಇನ್ನೊಂದು ಗೊಂದಲ ತರುತ್ತದೆ, ಆದ್ದರಿಂದ ಪ್ರಮಾಣ ಸಹಜದ ಹತ್ತಿರವೇ ಇರಬೇಕು.

ಇದೆಲ್ಲ ಪ್ರಯೋಗಾಲಯದ ಮಡಿವಂತಿಕೆ ಎನಿಸಿದರೆ ಕಣ್ಣಿನ ಔಷಧದ ಪ್ರಸಂಗವನ್ನು ನೋಡಬೇಕು. ವಯಸ್ಸಾದವರ ಅಕ್ಷಿಪಟಲದ ನಡುಭಾಗದ ಹಿಂದೆ ಹೊಸ ರಕ್ತನಾಳಗಳು ಬೆಳೆದು, ಸೋರಿ, ದೃಷ್ಟಿ ಕೆಡಿಸುವ ಕಾಯಿಲೆಯೊಂದಿದೆ. ಆ ನಾಳಗಳನ್ನು ಬೆಳೆಸುವುದು ವಿಇಜಿಎಫ್ ಎಂಬ ಪ್ರೊಟೀನ್. ಅದರ ಸಂದೇಶವನ್ನು ಎಸ್‌ಐ-ಆರ್‌ಎನ್‌ಎಯಿಂದ ಕತ್ತರಿಸಿದರೆ ಕಾಯಿಲೆ ನಿಲ್ಲಬೇಕು. ಕಣ್ಣು ಮುಚ್ಚಿದ ಗೋಳ, ಚುಚ್ಚಿದ ಔಷಧ ಅಲ್ಲೇ ಉಳಿಯುತ್ತದೆ, ಪ್ರಮಾಣವೂ ಕಡಿಮೆ ಸಾಕು. ಬೆವಾಸಿರಾನಿಬ್ ಎಂಬ ಇಂಥ ಔಷಧ 2004ರಲ್ಲೇ ರೋಗಿಗಳ ಕಣ್ಣಿಗೆ ತಲುಪಿತ್ತು. ವಿಇಜಿಎಫ್‌ನ ಗ್ರಾಹಕ ಪ್ರೊಟೀನಿಗೆ ಗುರಿಯಿಟ್ಟ ಇನ್ನೊಂದೂ ಪರೀಕ್ಷೆಯಲ್ಲಿತ್ತು.

2008ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಜಯಕೃಷ್ಣ ಅಂಬಟಿ ಅವರ ತಂಡ ಇಲಿಗಳ ಕಣ್ಣಿಗೆ ಲೇಸರ್‌ನಿಂದ ಗಾಯಮಾಡಿ, ಅಲ್ಲಿ ಬೆಳೆಯುವ ನಾಳಗಳ ಗಾತ್ರ ಅಳೆಯಿತು. ವಿಇಜಿಎಫ್‌ಗೆ ಗುರಿಯಿಟ್ಟ ಎಸ್‌ಐ-ಆರ್‌ಎನ್‌ಎ ನಾಳಗಳನ್ನು ತಗ್ಗಿಸಿತು, ನಿರೀಕ್ಷೆಯಂತೆ. ಕಂಟ್ರೋಲ್ ಆಗಿ ಮಿಣುಕುಹುಳದ ಹೊಳಪಿನ ವಂಶವಾಹಿಗೆ, ಅಂಬಲಿಮೀನಿನ ಹಸಿರು ಪ್ರೊಟೀನಿನ ವಂಶವಾಹಿಗೆ ಹೊಂದುವ ತುಂಡುಗಳನ್ನೂ ಚುಚ್ಚಿದ್ದರು. ಅವು ಇಲಿಯಲ್ಲಿ ಇಲ್ಲವೇ ಇಲ್ಲ. ಆದರೂ ನಾಳಗಳು ಅಷ್ಟೇ ತಗ್ಗಿದವು!

ತಂಡ ಇನ್ನಷ್ಟು ಕೆದಕಿತು. ಯಾವ ಹೊದಿಕೆಯೂ ಇಲ್ಲದೆ ಚುಚ್ಚಿದ ಆ ಆರ್‌ಎನ್‌ಎ ಜೀವಕೋಶದ ಒಳಗೇ ಹೋಗಿರಲಿಲ್ಲ. ಒಳಗೆ ಹೋಗದಿದ್ದರೆ ಆರ್ಗೊನಾಟ್ ಸಿಗುವುದಿಲ್ಲ, ಸಂದೇಶ ಕತ್ತರಿಸುವ ಮಾತೇ ಇಲ್ಲ. ಕೆಲಸ ಮಾಡಿದ್ದು ಜೀವಕೋಶದ ಮೇಲ್ಮೈಯಲ್ಲಿರುವ ಟಿಎಲ್‌ಆರ್-3 ಎಂಬ ಕಾವಲು ಪ್ರೊಟೀನ್. ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ವೈರಸ್ ಬಂತೆಂದು ಅದು ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯಿಂದ ಹೊಮ್ಮಿದ ಪ್ರತಿರಕ್ಷಣಾ ಸಂಕೇತಗಳೇ ನಾಳಗಳನ್ನು ತಗ್ಗಿಸಿದ್ದು. ಟಿಎಲ್‌ಆರ್-3 ಇಲ್ಲದ ಇಲಿಗಳಲ್ಲಿ ಅದೇ ಚುಚ್ಚುಮದ್ದು ಏನೂ ಮಾಡಲಿಲ್ಲ. 21 ಅಕ್ಷರಕ್ಕಿಂತ ಗಿಡ್ಡ ತುಂಡುಗಳೂ ಏನೂ ಮಾಡಲಿಲ್ಲ. ಉದ್ದ ಮುಖ್ಯವಾಗಿತ್ತು, ಅಕ್ಷರಗಳಲ್ಲ.

ನಾಳ ತಗ್ಗಿತಲ್ಲ, ದಾರಿ ಯಾವುದಾದರೇನು ಎಂದು ಕೇಳುವವರಿದ್ದಾರೆ. ದಾರಿ ತಿಳಿಯದಿದ್ದರೆ ಪ್ರಮಾಣ ಎಷ್ಟು, ಯಾರಿಗೆ ಕೊಡಬೇಕು, ಅಡ್ಡಪರಿಣಾಮ ಎಲ್ಲಿ ನೋಡಬೇಕು ಎಂಬ ಯಾವ ಲೆಕ್ಕವೂ ಹೊಂದುವುದಿಲ್ಲ. ವೈರಸ್ ಎಚ್ಚರಿಕೆಯ ಗಂಟೆಯನ್ನು ಮುದುಕರ ಕಣ್ಣಿನಲ್ಲಿ ಮತ್ತೆ ಮತ್ತೆ ಬಾರಿಸುವುದು ವಿಇಜಿಎಫ್ ಒಂದನ್ನೇ ತಗ್ಗಿಸಿದಂತಲ್ಲ. ಬೆವಾಸಿರಾನಿಬ್‌ನ ಅಂತಿಮ ಹಂತದ ಪರೀಕ್ಷೆಯನ್ನು, ಗುರಿ ಮುಟ್ಟುವ ಸಂಭವವಿಲ್ಲವೆಂದು, 2009ರಲ್ಲಿ ನಿಲ್ಲಿಸಿದರು. ಎರಡನೆಯ ಔಷಧವನ್ನೂ ಅದೇ ವರ್ಷ ಕೈಬಿಟ್ಟರು.

ಕ್ಯಾನ್ಸರಿನಲ್ಲೂ ಇಂಥದ್ದೇ ಆಗಿದೆ. ಮೆಲ್ಕ್ ಎಂಬ ವಂಶವಾಹಿಯನ್ನು ತಗ್ಗಿಸಿದರೆ ಕ್ಯಾನ್ಸರ್ ಜೀವಕೋಶಗಳು ಸಾಯುತ್ತವೆ ಎಂದು ಆರ್‌ಎನ್‌ಎ ನಾಕ್‌ಡೌನ್‌ಗಳನ್ನು ಆಧರಿಸಿ ಹಲವು ಪ್ರಬಂಧಗಳು ಬಂದವು. ಮೆಲ್ಕ್ ತಡೆಯುವ ಓಟಿಎಸ್-167 ಎಂಬ ಔಷಧ ರೋಗಿಗಳ ಮೇಲಿನ ಪರೀಕ್ಷೆಗೂ ಹೋಯಿತು. 2017ರಲ್ಲಿ ಜೇಸನ್ ಶೆಲ್ಟ್‌ಜರ್ ಅವರ ತಂಡ ಕ್ರಿಸ್ಪರ್ ಬಳಸಿ ಮೆಲ್ಕ್ ವಂಶವಾಹಿಯನ್ನೇ ಕೆಡಿಸಿತು. ಜೀವಕೋಶಗಳು ಮೊದಲಿನಂತೆಯೇ ಬೆಳೆದವು. ಮೆಲ್ಕ್ ಇಲ್ಲದ ಆ ಜೀವಕೋಶಗಳಿಗೆ ಓಟಿಎಸ್-167 ಹಾಕಿದಾಗ ಅವು ಎಂದಿನಂತೆ ಸತ್ತವು. ಔಷಧ ಕೊಲ್ಲುತ್ತಿತ್ತು, ಆದರೆ ಮೆಲ್ಕ್ ಮೂಲಕ ಅಲ್ಲ.

ಹಾಗೆಂದು ಎಸ್‌ಐ-ಆರ್‌ಎನ್‌ಎಯನ್ನೇ ದೂರುವುದು ಅನ್ಯಾಯ. ಅಕ್ಷರಗಳಿಗೆ ರಾಸಾಯನಿಕ ತಿದ್ದುಪಡಿ ಮಾಡಿ ಕಾವಲು ಪ್ರೊಟೀನುಗಳ ಕಣ್ಣು ತಪ್ಪಿಸುವುದನ್ನೂ, ಸೀಡ್‌ನ ಹಿಡಿತವನ್ನು ಸಡಿಲಗೊಳಿಸುವುದನ್ನೂ ವಿಜ್ಞಾನಿಗಳು ಈ ಸೋಲುಗಳಿಂದಲೇ ಕಲಿತರು. ಈ ಬಗೆಯ ಮೊದಲ ಔಷಧ ಪಾಟಿಸಿರಾನ್‌ಗೆ ಅಮೆರಿಕ ಮತ್ತು ಯುರೋಪಿನಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಯಕೃತ್ತು ತಯಾರಿಸುವ ಟ್ರಾನ್ಸ್‌ಥೈರೆಟಿನ್ ಎಂಬ ಪ್ರೊಟೀನ್ ನರಗಳಲ್ಲಿ ಜಮೆಯಾಗುವ ಆನುವಂಶಿಕ ಕಾಯಿಲೆಗೆ ಅದು ಮದ್ದು. ಆ ಪ್ರೊಟೀನ್ ರಕ್ತದಲ್ಲೇ ಓಡಾಡುವುದರಿಂದ ಔಷಧ ಗುರಿ ಮುಟ್ಟಿತೇ ಎಂದು ರೋಗಿಯ ರಕ್ತ ತೆಗೆದು ನೇರವಾಗಿ ಅಳೆಯಬಹುದಿತ್ತು. ಅದು ಸುಮಾರು 80 ಶೇಕಡಾ ಇಳಿದಿತ್ತು, ಹುಸಿಮದ್ದು ಪಡೆದವರಲ್ಲಿ ಹಾಗೆ ಇಳಿಯಲಿಲ್ಲ.

ಮುಂದೆ ಯಾವುದಾದರೂ ಪತ್ರಿಕೆಯಲ್ಲಿ ‘ವಂಶವಾಹಿಯ ಬಾಯಿ ಮುಚ್ಚಿಸಿ ಕ್ಯಾನ್ಸರ್ ಗುಣಪಡಿಸಿದ ವಿಜ್ಞಾನಿಗಳು’ ಎಂಬ ಸುದ್ದಿ ಕಂಡರೆ ತಲೆಬರಹ ದಾಟಿ ಒಳಗೆ ಓದಿ. ಗುರಿಯಿಲ್ಲದ ಆರ್‌ಎನ್‌ಎ ಪಡೆದ ಇಲಿಗಳಿಗೆ ಏನಾಯಿತು, ವಂಶವಾಹಿಯನ್ನು ಮರಳಿ ಕೊಟ್ಟಾಗ ಕಾಯಿಲೆ ಮರಳಿತೇ ಎಂಬ ಎರಡು ವಾಕ್ಯ ಅಲ್ಲಿಲ್ಲದಿದ್ದರೆ ಆ ಸುದ್ದಿಯನ್ನು ಸದ್ಯಕ್ಕೆ ನಂಬಬೇಡಿ.